ಸೇಸಮ್ಮ ಓದಿದ ಮೂರು ಸಂದೇಶಗಳು

ನಮ್ಮ ಪ್ರಿನ್ಸಿಪಾಲ್ ಪರಮೇಶ್ವರಿ ಮೇಡಂ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹತ್ತಿರ ಸಾವಿರಾರು ಪತ್ರ ಬರೆಸಿದ್ದಾರೆ. ಕಕ್ಕಿಂಜೆಯ ಈ ಶಾಲೆಯಲ್ಲಿ ನಾನು ಗುಮಾಸ್ತ, ಹೆಸರು ಚಿದಾನಂದ. ಅವರು ಕಿಟಕಿಯ ಹತ್ತಿರ ನಿಂತು ಹೇಳುತ್ತಾರೆ, ನಾನು ಕುಳಿತು ಬರೆಯುತ್ತೇನೆ. ಮೊದಲು ಪೆನ್ನಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ಬರೆದು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಬರುತ್ತಾರೆ. ಕಂಪ್ಯೂಟರಿನ ಪರದೆಗೆ ಕೆಂಪು ಪೆನ್ನು ತಾಗಿಸಬಾರದು ಎಂದು ಅವರಿಗೆ ಕಲಿಸಲು ನನಗೆ ಒಂದು ವರ್ಷ ಬೇಕಾಯಿತು.

ಮೇಡಂ ವಿಟ್ಲದ ಕಡೆಯವರು. ಮದುವೆಯಾಗಿ ಬಂದದ್ದು ಗುರುವಾಯನಕೆರೆಗೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ, ಚಾಲಕನ ಹಿಂದಿನ ಎರಡನೇ ಸೀಟಿನಲ್ಲಿ. ಆ ಸೀಟಿನಲ್ಲಿ ಬೇರೆಯವರು ಕುಳಿತಿದ್ದರೆ ಏನೂ ಹೇಳುವುದಿಲ್ಲ, ಪಕ್ಕದಲ್ಲಿ ನಿಂತು ನೋಡುತ್ತಾರೆ ಅಷ್ಟೆ. ಕುಳಿತವರು ತಾವಾಗಿಯೇ ಏಳುತ್ತಾರೆ. ಶಾಲೆಯ ಗೇಟಿನ ಒಳಗೆ ಕನ್ನಡವೇ ಮಾತಾಡಬೇಕು ಎನ್ನುವುದು ಅವರ ಕಾನೂನು. ಮಕ್ಕಳ ಬಾಯಲ್ಲಿ ತುಳು ಬಂದರೆ ಹುಬ್ಬು ಮೇಲೆ ಹೋಗುತ್ತದೆ. ನನ್ನ ಬಾಯಲ್ಲಿ ಬಂದರೂ ಹೋಗುತ್ತದೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಕೇಳಿದರೆ ಬೈಯುತ್ತಾರೆ: ಈ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಯಾರ ಹತ್ತಿರವೂ ತಪ್ಪಾಯಿತು ಎಂದದ್ದನ್ನು ನಾನು ಕೇಳಿರಲಿಲ್ಲ. ಈ ವರ್ಷ ಕೇಳಿದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಜೂನ್ ತಿಂಗಳಿನಲ್ಲಿ ನಮ್ಮ ಶಾಲೆಗೆ ಆ್ಯಪ್ ಬಂತು. ಮೂಡಬಿದಿರೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ದೇವಿಪ್ರಸಾದ್ ಮತ್ತು ದೀಕ್ಷಾ ಎಂಬ ಇಬ್ಬರು ಇಂಥದ್ದನ್ನು ಮಾಡುತ್ತಾರೆ. ನಮ್ಮದೂ ಸೇರಿ ಏಳು ಶಾಲೆಗಳು ಅವರ ಆ್ಯಪ್ ಹಾಕಿಕೊಂಡಿದ್ದವು. ಟೀಚರ್ ತಮ್ಮ ಫೋನಿನಲ್ಲಿ ಬರೆದು ಕಳಿಸಿದರೆ ಸಂದೇಶ ಪೋಷಕರ ಫೋನಿಗೆ ಹೋಗುತ್ತದೆ. ಅವರು ತೆರೆದರೆ ನಮ್ಮ ಆಫೀಸಿನ ಪರದೆಯ ಮೇಲೆ ಹೆಸರಿನ ಮುಂದೆ ಒಂದು ಹಸಿರು ಗುರುತು ಬೀಳುತ್ತದೆ, ಪಕ್ಕದಲ್ಲಿ 'ಪೋಷಕರು ಓದಿದ್ದಾರೆ' ಎಂದು ಬರುತ್ತದೆ. ಮೇಡಂಗೆ ಆ ಹಸಿರು ಗುರುತಿನ ಮೇಲೆ ಬಹಳ ಪ್ರೀತಿ ಹುಟ್ಟಿತು. ಮಧ್ಯಾಹ್ನ ಊಟ ಆದ ಮೇಲೆ ನನ್ನ ಹಿಂದೆ ಬಂದು ನಿಂತು, "ಎಷ್ಟು ಹಸಿರಾಯಿತು?" ಎಂದು ಕೇಳುವುದು ಅಭ್ಯಾಸವಾಯಿತು.

ಆ್ಯಪ್ ಬಂದ ಮೇಲೆ ಡೈರಿ ಯಾಕೆ ಎಂದು ಡೈರಿ ನಿಲ್ಲಿಸಿದರು. ಡೈರಿಯಲ್ಲಿ ಮನೆಯವರು ಸಹಿ ಹಾಕಬೇಕಿತ್ತು. "ಇರಲಿ ಮೇಡಂ, ಒಂದು ವರ್ಷ ಎರಡೂ ಇರಲಿ" ಎಂದು ನಾನು ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ?

ಜುಲೈಯಲ್ಲಿ ಸರಕಾರಿ ಆಸ್ಪತ್ರೆಯವರು ಬಂದು ಮಕ್ಕಳ ಕಣ್ಣು ಪರೀಕ್ಷೆ ಮಾಡಿದರು. ಗೋಡೆಗೆ ಅಕ್ಷರದ ಚಾರ್ಟ್ ತೂಗಿಸಿ, ಒಂದು ಕಣ್ಣು ಮುಚ್ಚಿಸಿ ಓದಿಸಿದರು. ಹನ್ನೊಂದು ಮಕ್ಕಳಿಗೆ ತೊಂದರೆ ಇತ್ತು. ನಾಲ್ಕನೇ ತರಗತಿಯ ವಿಸ್ಮಿತಾಳ ಹೆಸರಿನ ಕೆಳಗೆ ಗೆರೆ ಎಳೆದಿದ್ದರು. ಎರಡೂ ಕಣ್ಣಿನಲ್ಲಿ ದೂರದ್ದು ಕಾಣುವುದಿಲ್ಲ, ಎಡಗಣ್ಣಿನಲ್ಲಂತೂ ತೀರಾ ಕಡಿಮೆ. "ತಡ ಮಾಡಬಾರದು" ಎಂದು ಬರೆದಿದ್ದರು. ಹನ್ನೊಂದು ಮನೆಗೂ ಆ್ಯಪಿನಲ್ಲಿ ಸಂದೇಶ ಹೋಯಿತು: 'ನಿಮ್ಮ ಮಗುವಿನ ದೃಷ್ಟಿಯಲ್ಲಿ ದೋಷ ಕಂಡುಬಂದಿರುತ್ತದೆ. ಹದಿನೈದು ದಿನಗಳೊಳಗೆ ಕಣ್ಣಿನ ವೈದ್ಯರಿಗೆ ತೋರಿಸಿ ಶಾಲೆಗೆ ತಿಳಿಸತಕ್ಕದ್ದು.' ಹತ್ತು ಮನೆಯವರು ತೋರಿಸಿದರು. ವಿಸ್ಮಿತಾಳ ಮನೆಯಿಂದ ಸುದ್ದಿ ಇಲ್ಲ. ಎರಡನೇ ಸಲ ಕಳಿಸಿದೆವು, ಮೂರನೇ ಸಲವೂ ಕಳಿಸಿದೆವು. ಮೂರಕ್ಕೂ ಹಸಿರು ಗುರುತು, ಮೂರಕ್ಕೂ 'ಪೋಷಕರು ಓದಿದ್ದಾರೆ'.

"ಓದಿ ಸುಮ್ಮನೆ ಕೂತಿದ್ದಾರೆ ನೋಡಿ ಚಿದಾನಂದರೇ" ಎಂದರು ಮೇಡಂ. ಹುಬ್ಬು ಮೇಲೆ ಹೋಗಿತ್ತು.

ವಿಸ್ಮಿತಾ ಈ ವರ್ಷವೇ ನಮ್ಮ ಶಾಲೆಗೆ ಸೇರಿದವಳು. ಇರುವುದು ಅಜ್ಜಿ ಸೇಸಮ್ಮನ ಜೊತೆ, ಶಾಲೆಯಿಂದ ಒಂದೂವರೆ ಮೈಲಿ ಒಳಗೆ. ತಾಯಿ ಸುಪ್ರೀತಾ ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್, ಅಲ್ಲೇ ಹಾಸ್ಟೆಲಿನಲ್ಲಿದ್ದು ಎರಡು ವಾರಕ್ಕೊಮ್ಮೆ ಬರುತ್ತಾಳೆ. ತಂದೆ ಜಿತೇಶ್ ಲಾರಿಯವನು, ಇವತ್ತು ಹುಬ್ಬಳ್ಳಿ, ನಾಳೆ ಸೇಲಂ. ಆ್ಯಪಿನಲ್ಲಿ ಒಂದು ಮಗುವಿಗೆ ಒಂದೇ ನಂಬರ್ ಹಾಕಲು ಸಾಧ್ಯ. ಮಗು ಯಾರ ಮನೆಯಲ್ಲಿ ಉಂಟೋ ಅವರ ನಂಬರ್ ಇರಲಿ ಎಂದು ಸುಪ್ರೀತಾಳೇ ಅಮ್ಮನ ನಂಬರ್ ಕೊಟ್ಟಿದ್ದಳು.

ಆಗಸ್ಟ್ ಕೊನೆಯ ಶನಿವಾರ ಪೋಷಕರ ಸಭೆ. ಆ್ಯಪಿನ ಬಗ್ಗೆ ಅಭಿಪ್ರಾಯ ಹೇಳಿ ಎಂದು ಮೇಡಂ ಕೇಳಿದ್ದೇ ತಡ, ಸಭೆಗೆ ಜೀವ ಬಂತು. ಅಡಿಕೆ ತೋಟದ ಧರ್ಣಪ್ಪಣ್ಣ ಎದ್ದು, "ನನ್ನ ಮಗ ಇರುದು ಆರನೇ ಕ್ಲಾಸಿನಲ್ಲಿ. ಎಲ್‌ಕೆಜಿ ಮಕ್ಕಳ ಹುಟ್ಟುಹಬ್ಬ ನನಗೆ ಯಾಕೆ ಟೀಚರೆ? ಅಡಿಕೆಗೆ ಮದ್ದು ಬಿಡ್ಲಿಕ್ಕೆ ಮರ ಹತ್ತಿಸಿದವ ಮೇಲೆ ಇರ್ತಾನೆ, ಇಲ್ಲಿ ಕಿಸೆಯಲ್ಲಿ ಟಿಣ್ ಟಿಣ್" ಎಂದರು. ಮೀನಿನ ವ್ಯಾಪಾರದ ಮೊಯಿದಿನಬ್ಬ ಅವರಿಗೆ ಮೂರು ಮಕ್ಕಳು. ಒಂದೇ ರಜೆಯ ಸುದ್ದಿ ಮೂರು ಸಲ ಬರುತ್ತದೆ. "ಮೂರನೇ ಸಲ ಓದುವಾಗ ನನಗೆ ಡೌಟ್ ಬರ್ತದೆ, ಮೂರು ದಿನ ರಜೆಯಾ ಅಂತ" ಎಂದರು. ಎಲ್ಲರೂ ನಕ್ಕರು. ಮಳೆಯ ರಜೆಯ ಸಂದೇಶ ಮಗು ಒದ್ದೆಯಾಗಿ ಶಾಲೆಗೆ ಹೋಗಿ ವಾಪಸು ಬಂದ ಮೇಲೆ ತಲುಪಿತು ಎಂದು ಇನ್ನೊಬ್ಬರು ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ.

ಆಗ ಮೇಡಂಗೆ ಕೊನೆಯ ಸಾಲಿನಲ್ಲಿ ಕುಳಿತ ಸೇಸಮ್ಮ ಕಂಡರು. "ನೀವು ವಿಸ್ಮಿತಾಳ ಅಜ್ಜಿ ಅಲ್ವಾ? ಮೂರು ಸಲ ಸಂದೇಶ ಕಳಿಸಿದೆವು. ಮೂರೂ ನೀವು ಓದಿದ್ದೀರಿ, ನಮ್ಮಲ್ಲಿ ದಾಖಲೆ ಉಂಟು. ಮಗುವಿನ ಕಣ್ಣಿನ ವಿಷಯ. ಓದಿಯೂ ಏನೂ ಮಾಡದೆ ಕುಳಿತುಕೊಂಡರೆ ಹೇಗೆ? ಇಷ್ಟು ಅಸಡ್ಡೆ ಇರಬಾರದು."

ನೂರು ಜನರ ಎದುರು. ಸೇಸಮ್ಮ ಎದ್ದು ನಿಂತರು. ಸೆರಗು ಹೆಗಲಿಗೆ ಎಳೆದುಕೊಂಡರು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಹೊರಗಿನ ಜಗಲಿಯಲ್ಲಿ ಮಕ್ಕಳು ಆಡುತ್ತಿದ್ದರು. "ತಪ್ಪಾಯ್ತು ಟೀಚರೆ. ಮರ್ತು ಹೋಯ್ತು" ಎಂದು ಹೇಳಿ ಕುಳಿತರು.

ಸಭೆ ಮುಗಿಯಿತು. ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆ. ಒಬ್ಬೊಬ್ಬರೇ ಬಂದು ಸಹಿ ಹಾಕಿ ಹೋದರು. ಸೇಸಮ್ಮ ಕೊನೆಗೆ ಬಂದರು. ಪೆನ್ನು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಎಡಗೈಯ ಹೆಬ್ಬೆರಳು ಮುಂದೆ ಚಾಚಿ ಸುಮ್ಮನೆ ನಿಂತರು. ಡ್ರಾಯರಿನ ಮೂಲೆಯಿಂದ ಶಾಯಿಯ ಪ್ಯಾಡ್ ಹುಡುಕಿ ತೆಗೆದೆ, ಒಣಗಿತ್ತು, ನೀರು ಹಾಕಿದೆ. ಅವರು ಒತ್ತಿ, ತಲೆಯ ಕೂದಲಿಗೆ ಬೆರಳು ಒರೆಸಿಕೊಂಡು ಹೋದರು.

ನಾನು ಆ ಹೆಬ್ಬೆಟ್ಟಿನ ಗುರುತನ್ನೇ ನೋಡುತ್ತ ಕುಳಿತೆ. ನನ್ನ ತಲೆಗೆ ವಿಷಯ ಹೋಗುವುದು ನಿಧಾನ, ಆದರೆ ಹೋಗುತ್ತದೆ. ಪುಸ್ತಕ ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ.

"ಮೇಡಂ, ಸೇಸಮ್ಮನಿಗೆ ಓದಲಿಕ್ಕೆ ಬರುದಿಲ್ಲ."

ಮೇಡಂ ಕನ್ನಡಕ ತೆಗೆದು ಗುರುತು ನೋಡಿದರು. "ಮತ್ತೆ ಆ ಮೂರು ಸಂದೇಶ ಓದಿದ್ದು ಯಾರು?"

ಇಬ್ಬರಿಗೂ ಉತ್ತರ ಗೊತ್ತಾಗಿತ್ತು. ಆ ಮನೆಯಲ್ಲಿ ಓದಲು ಬರುವವಳು ಒಬ್ಬಳೇ. ಡೈರಿ ಇದ್ದಿದ್ದರೆ ಜೂನ್ ತಿಂಗಳಿನಲ್ಲೇ ಈ ಹೆಬ್ಬೆಟ್ಟು ನಮಗೆ ಕಾಣುತ್ತಿತ್ತು ಎಂದು ನಾಲಿಗೆಯ ತುದಿಗೆ ಬಂತು. ಮೇಡಂ ಮುಖ ನೋಡಿ ನುಂಗಿಕೊಂಡೆ. ಅವರು ಹಾಜರಿ ಪುಸ್ತಕ ಮುಚ್ಚಿದರು. ಮತ್ತೆ ಕೊಡೆ ತೆಗೆದುಕೊಂಡು, "ನಡೀರಿ, ಅಲ್ಲಿಗೆ ಹೋಗುವ" ಎಂದರು.

ನಾವು ಹೋದಾಗ ಸೇಸಮ್ಮ ಅಂಗಳದಲ್ಲಿ ಬಸಳೆ ಚಪ್ಪರದ ಕೆಳಗೆ ಇದ್ದರು. ಮಾತೆಲ್ಲ ತುಳುವಿನಲ್ಲೇ ಆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೇಡಂ ತುಳು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಗೇಟಿನ ಹೊರಗೆ ಕಾನೂನು ಇಲ್ಲವಲ್ಲ.

"ನಿಮಗೆ ಸಂದೇಶ ಯಾರು ಓದಿ ಹೇಳುದು ಸೇಸಮ್ಮಕ್ಕ?"

"ಮಗು ಓದ್ತಾಳೆ. ಶಾಲೆಯದ್ದು, ಕರೆಂಟಿನದ್ದು, ಮದ್ದಿನ ಬಾಟ್ಲಿಯದ್ದು, ಎಲ್ಲ ಅವಳೇ."

"ಕಣ್ಣಿನದ್ದು ಏನಂತ ಓದಿದಳು?"

ಸೇಸಮ್ಮ ಕೈಯಲ್ಲಿದ್ದ ಬಸಳೆಯ ದಂಟನ್ನು ಚಪ್ಪರಕ್ಕೆ ಸುತ್ತಿದರು. "ಒಂದು ಸಲ ನಾಳೆ ಬಣ್ಣದ ಅಂಗಿ ಹಾಕಲಿಕ್ಕುಂಟು ಅಂದಳು. ಇನ್ನೊಂದು ಸಲ ಪರೀಕ್ಷೆ ಹತ್ತಿರ ಬಂತು ಅಂತ. ಮೂರನೆಯದ್ದು ನೆನಪಿಲ್ಲ."

"ಹಾಗಾದರೆ ನಿಮಗೆ ಗೊತ್ತೇ ಇರಲಿಲ್ಲ. ಸಭೆಯಲ್ಲಿ ಯಾಕೆ ತಪ್ಪಾಯ್ತು ಅಂದಿರಿ?"

"ನೀವು ಹೇಳುವಾಗ ಗೊತ್ತಾಯ್ತಲ್ಲ. ಅಷ್ಟು ಜನರ ಎದುರು ನನ್ನ ಮಗು ಸುಳ್ಳು ಓದಿದಳು ಅಂತ ಹೇಳುದಾ? ನಾನು ಮುದುಕಿ, ನನಗೆ ಮರೆತು ಹೋದರೆ ಯಾರಿಗೂ ಏನೂ ಇಲ್ಲ."

ಮೇಡಂ ಅಂಗಳದ ಕಲ್ಲಿನ ಮೇಲೆ ಕುಳಿತರು. ವಿಸ್ಮಿತಾ ಬಾಗಿಲ ಹಿಂದೆ ಇದ್ದಳು, ಎರಡು ಕಾಲ ಬೆರಳು ಮಾತ್ರ ಕಾಣುತ್ತಿತ್ತು. ಕರೆದಾಗ ಬಂದಳು. ಬೈಯುತ್ತಾರೆ ಎಂದು ತಿಳಿದು ಕೈ ಕಟ್ಟಿ ನಿಂತಳು. ಮೇಡಂ ಬೈಯಲಿಲ್ಲ. ಯಾಕೆ ಹಾಗೆ ಓದಿದೆ ಎಂದು ಮಾತ್ರ ಕೇಳಿದರು.

"ಅಜ್ಜಿ ಎಲ್ಲರ ಹತ್ತಿರ ಹೇಳ್ತಾರೆ, ನನ್ನ ಕಣ್ಣು ಇವಳೇ ಅಂತ." ಅವಳು ಅಜ್ಜಿಯ ಕಡೆ ನೋಡಿದಳು. "ನನ್ನದೂ ಹಾಳಾಗಿದೆ ಅಂತ ಗೊತ್ತಾದರೆ ಅಜ್ಜಿಗೆ ಯಾರು ಓದಿ ಹೇಳುದು?"

ಸೇಸಮ್ಮ ಅವಳನ್ನು ಎಳೆದು ತಬ್ಬಿಕೊಂಡರು. ಅಳುತ್ತಲೇ ನಮಗೆ ಒಂದು ಕತೆ ಹೇಳಿದರು. ಮೇ ತಿಂಗಳಿನಲ್ಲಿ ಉಜಿರೆಯಿಂದ ಮನೆಗೆ ಬರುವಾಗ, ಚಾರ್ಮಾಡಿಯ ಬಸ್ಸು ಎಂದು ಮಗು ಹತ್ತಿಸಿದ ಬಸ್ಸು ನೇರ ಧರ್ಮಸ್ಥಳಕ್ಕೆ ಹೋಯಿತು. ಇಳಿದ ಮೇಲೆ ಮಗು, ಹೇಗೂ ಬಂದೆವಲ್ಲ ಅಜ್ಜಿ, ಕೈಮುಗಿದು ಹೋಗುವ ಎಂದಳಂತೆ. "ಇಷ್ಟು ಸಣ್ಣ ಪ್ರಾಯದಲ್ಲಿ ಎಂಥ ಭಕ್ತಿ ಅಂತ ನಾನು ನಾಲ್ಕು ಮನೆಗೆ ಹೇಳಿಕೊಂಡು ಬಂದೆ ಟೀಚರೆ. ಬೋರ್ಡು ಕಾಣ್ಲಿಲ್ಲ ಅಂತ ಈಗ ಗೊತ್ತಾಯ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಅಂಗಳದಿಂದಲೇ ಸುಪ್ರೀತಾಳಿಗೆ ಫೋನ್ ಮಾಡಿದೆವು. ಮರುದಿನವೇ ಬಂದಳು, ಸೋಮವಾರ ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಎರಡೂ ಕಣ್ಣಿಗೆ ಕನ್ನಡಕ ಬೇಕು. ಎಡಗಣ್ಣಿಗೆ ಬರೀ ಕನ್ನಡಕ ಸಾಲದು. ಇಷ್ಟು ವರ್ಷ ಬಲಗಣ್ಣೇ ಕೆಲಸ ಮಾಡಿ, ಎಡಗಣ್ಣು ನೋಡುವುದನ್ನು ಕಲಿಯಲೇ ಇಲ್ಲ. ಇನ್ನು ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಿ, ಎಡಗಣ್ಣಿನಲ್ಲಿ ಹತ್ತಿರದ ಕೆಲಸ ಮಾಡಿಸಬೇಕು: ಬರೆಯುವುದು, ಓದುವುದು. ಮಗುವಿಗೆ ಒಂಬತ್ತು ವರ್ಷ ಆಯಿತು, ಇನ್ನೂ ಸಮಯ ಉಂಟು, ಆದರೆ ತುಂಬ ಇಲ್ಲ ಎಂದರಂತೆ ಡಾಕ್ಟರು. ಒಂದು ದಿನ ಹಾಕಿ ಒಂದು ದಿನ ಬಿಟ್ಟರೆ ಆ ಕಣ್ಣು ಕೈಗೆ ಸಿಗುವುದಿಲ್ಲ.

ಸುಪ್ರೀತಾ ಆಫೀಸಿಗೆ ಬಂದು ಇದನ್ನೆಲ್ಲ ಹೇಳಿದಳು. ಕೊನೆಗೆ, "ಆ್ಯಪಿನಲ್ಲಿ ಅಮ್ಮನ ನಂಬರ್ ತೆಗೆದು ನನ್ನದು ಹಾಕಿ ಮೇಡಂ. ಅಮ್ಮನಿಗೆ ಇನ್ನು ಅದರ ತಲೆಬಿಸಿ ಬೇಡ" ಎಂದಳು. ನಾನು ದೇವಿಪ್ರಸಾದನಿಗೆ ಫೋನ್ ಮಾಡಿ ಕೇಳಿದರೆ ಅವನೂ ಅದನ್ನೇ ಹೇಳಿದ. ಎರಡು ನಿಮಿಷದ ಕೆಲಸವಂತೆ.

ಮೇಡಂ ಒಪ್ಪಲಿಲ್ಲ. "ಮಗುವಿಗೆ ದಿನಾ ಪಟ್ಟಿ ಅಂಟಿಸುವವರು ಯಾರು? ಸೇಸಮ್ಮ. ಪಟ್ಟಿ ಹಾಕಿಕೊಂಡು ಮಗು ಓದುವುದು ಯಾರಿಗೆ? ಸೇಸಮ್ಮನಿಗೆ. ಅವರ ನಂಬರ್ ತೆಗೆದರೆ ಮಗುವಿಗೆ, ನೀನು ಸುಳ್ಳು ಓದಿದೆ, ನಿನ್ನ ಕೆಲಸ ಹೋಯಿತು ಅಂತ ನಾವು ಹೇಳಿದ ಹಾಗೆ ಆಗ್ತದೆ. ಆ ಕೆಲಸ ಅವಳ ಕೈಯಿಂದ ಹೋಗಬಾರದು. ಆದರೆ ಇನ್ನೊಂದು ಸಂದೇಶ ಹೀಗೆ ತಪ್ಪಿ ಹೋಗಲೂಬಾರದು. ಬರೆಯಿರಿ ಚಿದಾನಂದರೇ."

ನಾನು ಸಭೆಯ ಅಭಿಪ್ರಾಯಗಳನ್ನು ಸೇರಿಸಿ ಮೊದಲೇ ಒಂದು ಪತ್ರ ತಯಾರು ಮಾಡಿ ಇಟ್ಟಿದ್ದೆ. 'ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಒಳ್ಳೆಯ ಗತ್ತಿನಲ್ಲಿ ಶುರುವಾಗಿತ್ತು. ಮೇಡಂ ಓದಿ ಅಳಿಸಿಹಾಕಿದರು. ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ಹೇಳಿದ್ದು ಇದು:

'ಪ್ರಿಯ ದೇವಿಪ್ರಸಾದರೇ,

ನಿಮ್ಮ ಆ್ಯಪಿನ ಬಗ್ಗೆ ಪೋಷಕರು ಹೇಳಿದ್ದನ್ನು ತಿಳಿಸಲು ಬರೆಯುತ್ತಿದ್ದೇನೆ. ಮೊದಲು ನಮ್ಮ ತಪ್ಪು. ಒಂದು ತರಗತಿಯ ಸುದ್ದಿಯನ್ನು ಇಡೀ ಶಾಲೆಗೆ ಕಳಿಸಿದ್ದು ನಾವು. ಅದನ್ನು ನಾವೇ ನಿಲ್ಲಿಸುತ್ತೇವೆ. ಒಂದೇ ಮನೆಯಲ್ಲಿ ಮೂರು ಮಕ್ಕಳಿದ್ದರೆ ಒಂದೇ ಪ್ರಕಟಣೆ ಮೂರು ಸಲ ಹೋಗದ ಹಾಗೆ ನೀವು ಮಾಡಿಕೊಡಬೇಕು. ಮಳೆಯ ರಜೆಯ ಸಂದೇಶ ತಡವಾಗಿ ತಲುಪುತ್ತದೆ, ಅದಕ್ಕೂ ಒಂದು ದಾರಿ ನೋಡಿ.

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ, ಓದಲು ಬಾರದು. ಮೊಮ್ಮಗಳು ಓದಿ ಹೇಳುತ್ತಾಳೆ. ಆ ಮಗುವಿನ ಕಣ್ಣಿನ ವಿಷಯವನ್ನೇ ಮೂರು ಸಲ ಆ ಮಗುವಿನ ಕೈಗೆ ಕೊಟ್ಟೆವು. ಅಜ್ಜಿಗೆ ನೋವಾಗಬಾರದೆಂದು ಅವಳು ಬೇರೆ ಓದಿದಳು. ನಿಮ್ಮ ಪರದೆ "ಪೋಷಕರು ಓದಿದ್ದಾರೆ" ಎಂದಿತು. ಅದನ್ನು ನಂಬಿ ನಾನು ಆ ಅಜ್ಜಿಯನ್ನು ನೂರು ಜನರ ಎದುರು ಗದರಿದೆ. ಫೋನಿನಲ್ಲಿ ಸಂದೇಶ ತೆರೆದದ್ದು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ಬರೆಯಬೇಡಿ. "ಸಂದೇಶ ತೆರೆದಿದೆ" ಎಂದಷ್ಟೇ ಬರೆಯಿರಿ.

ಒಂದು ಮಗುವಿಗೆ ಮೂರು ನಂಬರಿಗೆ ಜಾಗ ಕೊಡಿ. ತಂದೆ, ತಾಯಿ ಎಂದು ಮಾತ್ರ ಇಡಬೇಡಿ. ನಮ್ಮ ಕಡೆ ಮಕ್ಕಳನ್ನು ಅಜ್ಜಿ ಸಾಕುತ್ತಾರೆ, ಮಾವ ಸಾಕುತ್ತಾರೆ, ದೊಡ್ಡಮ್ಮ ಸಾಕುತ್ತಾರೆ.

ಮುಖ್ಯವಾದ ಸಂದೇಶದ ಜೊತೆ ಟೀಚರ ಧ್ವನಿಯನ್ನೂ ಕಳಿಸುವ ಹಾಗಿರಬೇಕು, ಮನೆಯವರು ಆಡುವ ಭಾಷೆಯಲ್ಲಿ. ಕೇಳಿದ ಮೇಲೆ ಒತ್ತಲು ಒಂದು ಬಟನ್ ಇರಲಿ. ಎರಡು ದಿನದಲ್ಲಿ ಒತ್ತದವರ ಹೆಸರು ನಮಗೆ ಬೇರೆ ಪಟ್ಟಿಯಲ್ಲಿ ಕಾಣಲಿ, ನಾವು ಫೋನ್ ಮಾಡುತ್ತೇವೆ.

ಅಕ್ಷರ ದೊಡ್ಡದು ಮಾಡಲು ಬರಬೇಕು. ಯಾಕೆಂದರೆ ಆ ಮಗು ಇನ್ನು ಮುಂದೆ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಲ್ಲಿ ಅಜ್ಜಿಗೆ ಓದಿ ಹೇಳಬೇಕು. ಅದೇ ಅವಳ ಔಷಧ. ಅಜ್ಜಿಗೆ ಧ್ವನಿ ಕೊಡಿ, ಆದರೆ ಓದುವ ಕೆಲಸವನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ.

ಇಂತು,
ಪರಮೇಶ್ವರಿ'

ಬರೆದು ಮುಗಿಸಿ ಕಣ್ಣು ಒರೆಸಿಕೊಂಡೆ. ನನಗೆ ವರ್ಷಪೂರ್ತಿ ನೆಗಡಿ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ತೊಂದರೆಯಾಗಲಿಲ್ಲ.

ದೇವಿಪ್ರಸಾದನಿಂದ ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬೈಕಿನಲ್ಲಿ ತಾನೇ ಬಂದ. ಮೂವತ್ತರ ಒಳಗಿನ ಹುಡುಗ, ಮಳೆಗೆ ಪೂರ್ತಿ ನೆನೆದಿದ್ದ. "ಮೇಡಂ, 'ಓದಿದ್ದಾರೆ' ಅಂತ ಬರೆದದ್ದು ನಾನೇ. ಚಂದ ಕಾಣ್ತದೆ ಅಂತ ಬರೆದೆ, ಮತ್ತೇನೂ ಆಲೋಚನೆ ಮಾಡ್ಲಿಲ್ಲ" ಎಂದ. ಆ ಶಬ್ದವನ್ನು ಪತ್ರ ಸಿಕ್ಕಿದ ದಿನವೇ ಏಳೂ ಶಾಲೆಗಳಲ್ಲಿ ಬದಲಾಯಿಸಿದ್ದನಂತೆ.

ಉಳಿದದ್ದರಲ್ಲಿ ಯಾವುದು ಬೇಗ ಆಗುತ್ತದೆ, ಯಾವುದಕ್ಕೆ ಸಮಯ ಬೇಕು ಎಂದು ಚಹಾ ಕುಡಿಯುತ್ತ ವಿವರಿಸಿದ. ಅಕ್ಷರ ದೊಡ್ಡದು ಮಾಡುವುದು, ಒಂದು ಮನೆಗೆ ಒಂದೇ ಪ್ರಕಟಣೆ, ಒತ್ತದವರ ಪಟ್ಟಿ, ಇವೆಲ್ಲ ವಾರದ ಕೆಲಸ. ಒಂದು ಮಗುವಿಗೆ ಮೂರು ನಂಬರ್ ಎಂದರೆ ಒಳಗಿನ ಕಟ್ಟಡವನ್ನೇ ಬಿಚ್ಚಿ ಕಟ್ಟಬೇಕು, ಏಳು ಶಾಲೆಗಳ ಮಾಹಿತಿ ಅದರಲ್ಲಿ ಉಂಟು, ಹಾಳಾಗದ ಹಾಗೆ ನೋಡಿಕೊಳ್ಳಬೇಕು. ಒಂದು ತಿಂಗಳು ಬೇಕು. ಧ್ವನಿ ಅರ್ಧ ನಿಮಿಷಕ್ಕಿಂತ ಉದ್ದ ಇರಬಾರದು, ಇದ್ದರೆ ಇಲ್ಲಿನ ನೆಟ್‌ವರ್ಕಿನಲ್ಲಿ ಇಳಿಯುವುದಿಲ್ಲ. ಮಳೆಯ ರಜೆಗೆ ಸಾದಾ ಎಸ್ಸೆಮ್ಮೆಸ್ ಕಳಿಸಬಹುದು, ಆದರೆ ಅದರ ಒಕ್ಕಣೆಯನ್ನು ಮೊದಲೇ ಟೆಲಿಕಾಂ ಕಂಪೆನಿಯಲ್ಲಿ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು.

"ಅರ್ಧ ನಿಮಿಷದಲ್ಲಿ ಮೇಡಂ ಮಾತು ಮುಗಿಸುದಾ?" ಎಂದು ನಾನು ಕೇಳಿದೆ. ಹುಬ್ಬು ಮೇಲೆ ಹೋಯಿತು.

ಆಮೇಲೆ ಅವನನ್ನು ಸೇಸಮ್ಮನ ಮನೆಗೆ ಕರೆದುಕೊಂಡು ಹೋದೆವು. ಅವರ ಫೋನು ನೋಡಿ ಅವನು ತಲೆ ಕೆರೆದುಕೊಂಡ. ಬ್ಯಾಟರಿ ಉಳಿಸಲು ಆ ಫೋನು ಪರದೆಯ ಹಿಂದೆ ಓಡುವ ಆ್ಯಪುಗಳನ್ನೆಲ್ಲ ತಾನಾಗಿ ನಿಲ್ಲಿಸುತ್ತಿತ್ತು, ಅದಕ್ಕೇ ಸಂದೇಶ ತಡವಾಗಿ ಬರುತ್ತಿತ್ತು. ಸರಿ ಮಾಡಿಕೊಟ್ಟ. ವಿಸ್ಮಿತಾ ಹೊಸ ಕನ್ನಡಕ ಹಾಕಿ, ಬಲಗಣ್ಣಿಗೆ ಪಟ್ಟಿ ಅಂಟಿಸಿಕೊಂಡು ಪಕ್ಕದಲ್ಲಿ ಕುಳಿತಿದ್ದಳು. ಅವನು ಒಂದು ವಾಕ್ಯ ಬರೆದು, ಅಕ್ಷರವನ್ನು ಸಣ್ಣದರಿಂದ ದೊಡ್ಡದು ಮಾಡುತ್ತ ಹೋದ. ಮಗು ಓದಬಲ್ಲ ಅಳತೆ ಬಂದಾಗ ಒಂದು ಸಾಲಿಗೆ ಎರಡೇ ಶಬ್ದ ಹಿಡಿಯುತ್ತಿತ್ತು. "ಇಷ್ಟು ದೊಡ್ಡದು ಬೇಕೂಂತ ನಮಗೆ ಅಲ್ಲಿ ಕೂತು ಗೊತ್ತಾಗುದಿಲ್ಲ" ಎಂದ ಅವನು, ಆ ಅಳತೆಯನ್ನು ಕೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

ಅಕ್ಟೋಬರ್ ರಜೆ ಮುಗಿದು ಶಾಲೆ ತೆರೆದಾಗ ಹೊಸ ಆ್ಯಪ್ ತಯಾರಾಗಿತ್ತು. ವಿಸ್ಮಿತಾಳ ಹೆಸರಿನ ಕೆಳಗೆ ಮೂರು ನಂಬರ್: ಅಜ್ಜಿ, ತಾಯಿ, ತಂದೆ. ಅಜ್ಜಿಯದ್ದೇ ಮೊದಲು. ಮೊದಲ ಧ್ವನಿ ಸಂದೇಶವನ್ನು ತಾವೇ ಕಳಿಸುತ್ತೇನೆ ಎಂದರು ಮೇಡಂ. ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಕೆಳಗೆ ಒಂದು ಗೇಣು ಸಂದು ಉಂಟು, ನನ್ನ ತಪ್ಪಲ್ಲ.

"ಸೇಸಮ್ಮಕ್ಕ, ಯಾನ್ ಪರಮೇಶ್ವರಿ ಟೀಚರ್" ಎಂದು ಶುರು ಮಾಡಿದರು. ಶಾಲೆಯ ಗೇಟಿನ ಒಳಗೆ, ಪ್ರಿನ್ಸಿಪಾಲರ ಕೋಣೆಯಲ್ಲಿ, ತುಳು. ಸಭೆಯಲ್ಲಿ ನಿಮ್ಮನ್ನು ಗದರಿದ್ದು ನನ್ನ ತಪ್ಪು, ಕೇಳಿ ತಿಳಿದುಕೊಳ್ಳದೆ ಮಾತಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಎಂಟು ಸಲ ಅಳಿಸಿ ಹೇಳಿದರು. ಅರ್ಧ ನಿಮಿಷದಲ್ಲಿ ಮುಗಿಯಲಿಲ್ಲ ಎಂದು ನಾನು ತಿಳಿದಿದ್ದೆ. ಆಮೇಲೆ ನೋಡಿದರೆ ಎಂಟೂ ಸಲ ಮುಗಿದಿತ್ತಂತೆ, ಧ್ವನಿ ನಡುಗಿದ್ದಕ್ಕೆ ಅಳಿಸಿದ್ದು. ಹತ್ತು ನಿಮಿಷದಲ್ಲಿ ಸೇಸಮ್ಮ ಬಟನ್ ಒತ್ತಿದ ಗುರುತು ಬಂತು. ಮರುದಿನ ವಿಸ್ಮಿತಾಳ ಕೈಯಲ್ಲಿ ಒಂದು ಕಟ್ಟು ಬಸಳೆ ಬಂತು.

ನವೆಂಬರ್ ಕೊನೆಗೆ ಡಾಕ್ಟರ ಹತ್ತಿರ ಮತ್ತೆ ಹೋಗಬೇಕಿತ್ತು. ಮೂರು ತಿಂಗಳು ಪಟ್ಟಿ ಹಾಕಿದ್ದರಿಂದ ಎಡಗಣ್ಣಿಗೆ ಸ್ವಲ್ಪವಾದರೂ ನೋಟ ಬಂತೇ ಎಂದು ನೋಡುವ ದಿನ. ಡಾಕ್ಟರು ರಜೆಯಲ್ಲಿ ಇರುವುದರಿಂದ ದಿನ ಬದಲಾಗಿದೆ ಎಂದು ಸುಪ್ರೀತಾ ಶಾಲೆಗೆ ಫೋನ್ ಮಾಡಿದಳು. ಅವಳಿಗೆ ಮನೆಯ ಫೋನು ಸಿಗುತ್ತಿರಲಿಲ್ಲ. ನಾವು ಸಂದೇಶ ಕಳಿಸಿದೆವು, ಬರಹವೂ ಧ್ವನಿಯೂ. ಎರಡು ದಿನ ಕಳೆಯಿತು. ಒತ್ತದವರ ಪಟ್ಟಿಯಲ್ಲಿ ಒಂದೇ ಹೆಸರು: ಸೇಸಮ್ಮ. ಸಂದೇಶ ತೆರೆದಿದೆ, ಧ್ವನಿ ಕೇಳಿಲ್ಲ, ಬಟನ್ ಒತ್ತಿಲ್ಲ.

ಮೇಡಂ ಪರದೆಯ ಹತ್ತಿರಕ್ಕೆ ಬಗ್ಗಿದರು. "ಮತ್ತೆ ಬೇರೆ ಓದಿದಳಾ? ಕಣ್ಣು ಸುಧಾರಿಸಲಿಲ್ಲ ಅಂತ ಹೆದರಿ ಮುಚ್ಚಿಟ್ಟಳಾ?" ಎಂದರು. ನಾನು ಸೇಸಮ್ಮನಿಗೆ ಫೋನ್ ಮಾಡಿದೆ, ಮೇಡಂಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಪುಣ್ಯಕ್ಕೆ ಸಿಕ್ಕಿತು.

"ಸೇಸಮ್ಮಕ್ಕ, ಶಾಲೆಯಿಂದ ಒಂದು ಸಂದೇಶ ಬಂದಿತ್ತಲ್ಲ?"

"ಬಂದಿತ್ತಲ್ಲ. ಡಾಕ್ಟ್ರು ರಜೆ. ಗುರುವಾರದ ಬದಲು ಶನಿವಾರ ಹತ್ತು ಗಂಟೆಗೆ. ಹಳೆ ಚೀಟಿ ತರಬೇಕು, ಕನ್ನಡಕ ಹಾಕಿಕೊಂಡೇ ಬರಬೇಕು. ಸರಿಯುಂಟಾ?"

ಒಂದು ಮಾತು ಬಿಟ್ಟಿರಲಿಲ್ಲ. "ಸರಿಯುಂಟು" ಎಂದೆ. "ಆದರೆ ನೀವು ಧ್ವನಿ ಕೇಳ್ಲಿಲ್ಲ ಅಂತ ಇಲ್ಲಿ ಕಾಣ್ತದೆ. ಬಟನ್ ಒತ್ತಲಿಕ್ಕೆ ಬರ್ಲಿಲ್ಲವಾ?"

"ಒತ್ತಲಿಕ್ಕೆ ಬರ್ತದೆ. ಮಗು ಪಟ್ಟಿ ಹಾಕಿಕೊಂಡು ಎಡದ ಕಣ್ಣಿನಲ್ಲಿ ಓದಿದಳು, ಪೂರ್ತಿ. ಓದಿ ನನ್ನ ಮುಖ ನೋಡಿದಳು." ಮತ್ತೆ ಸ್ವರ ತಗ್ಗಿಸಿ, "ಅದರ ಮೇಲೆ ನಾನು ಧ್ವನಿ ಒತ್ತಿ ಕೇಳಿದರೆ, ಅವಳನ್ನು ನಂಬಲಿಲ್ಲ ಅಂತ ಆಗ್ತದಲ್ಲ ಚಿದಾನಂದಣ್ಣ" ಎಂದರು.

ಫೋನು ಇಟ್ಟ ಮೇಲೆ ಮೇಡಂ ಕಿಟಕಿಯ ಹತ್ತಿರ ಹೋದರು. ನನಗೆ ಬೆನ್ನು ಹಾಕಿ ನಿಂತು, ಕನ್ನಡಕ ತೆಗೆದು, ಸೆರಗಿನಿಂದ ಬಹಳ ಹೊತ್ತು ಒರೆಸಿದರು.

"ಬರೆಯಿರಿ ಚಿದಾನಂದರೇ" ಎಂದರು.

'ಪ್ರಿಯ ದೇವಿಪ್ರಸಾದರೇ, ಎಲ್ಲ ಚೆನ್ನಾಗಿ ನಡೆಯುತ್ತಿದೆ. ಒಂದು ಸಣ್ಣ ಬದಲಾವಣೆ ಬೇಕು. ಈಗ "ಕೇಳಿದೆ" ಎಂದು ಒಂದೇ ಬಟನ್ ಉಂಟು. ಅದರ ಪಕ್ಕದಲ್ಲಿ ಇನ್ನೊಂದು ಇಡಿ: "ಮಗು ಓದಿ ಹೇಳಿತು."'